ಹೆಸರಲ್ಲಿ ರಿಗ್ರೆಷನ್, ಕೆಲಸದಲ್ಲಿ ವರ್ಗೀಕರಣ: ಲಾಜಿಸ್ಟಿಕ್ ರಿಗ್ರೆಷನ್ ಮತ್ತು 23 ಉಡಾವಣೆಗಳ ಕಥೆ

ಪರಿಚಯದ ಹುಡುಗನೊಬ್ಬ ಇತ್ತೀಚೆಗೆ ಕೆಲಸದ ಸಂದರ್ಶನಕ್ಕೆ ಹೋಗಿದ್ದ. ಅಲ್ಲಿ ಒಂದು ಪ್ರಶ್ನೆ ಕೇಳಿದರಂತೆ: "ಲಾಜಿಸ್ಟಿಕ್ ರಿಗ್ರೆಷನ್ ಅನ್ನೋದು ರಿಗ್ರೆಷನ್ನೋ, ಕ್ಲಾಸಿಫಿಕೇಷನ್ನೋ?" ಇವನು ತಕ್ಷಣ "ಕ್ಲಾಸಿಫಿಕೇಷನ್" ಅಂದ. "ಮತ್ತೆ ಹೆಸರಲ್ಲಿ ರಿಗ್ರೆಷನ್ ಯಾಕಿದೆ?" ಅಂತ ಮುಂದಿನ ಪ್ರಶ್ನೆ ಬಂತು. "ಸುಮ್ನೆ ಹಾಗೆ ಹೆಸರಿಟ್ಟಿದ್ದಾರೆ ಸಾರ್" ಅಂದನಂತೆ. ಮೊದಲ ಉತ್ತರ ಸರಿ. ಎರಡನೆಯದು ಸರಿಯಲ್ಲ. ಆ ಹೆಸರನ್ನು ಸುಮ್ನೆ ಇಟ್ಟಿಲ್ಲ. ಅದು ಯಾಕೆ ಬಂತು ಅಂತ ಗೊತ್ತಾದರೆ, ಈ ವಿಧಾನದಲ್ಲಿ ನಾವು ಮಾಡುವ ದೊಡ್ಡ ತಪ್ಪು ಯಾವುದು ಅನ್ನುವುದೂ ಗೊತ್ತಾಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಮೊದಲು ಎರಡು ಪದಗಳ ಹಿನ್ನೆಲೆ ಹೇಳಿ ಮುಗಿಸಿಬಿಡುತ್ತೇನೆ. ರಿಗ್ರೆಷನ್ ಎಂದರೆ ಹಿಂದಕ್ಕೆ ಸರಿಯುವುದು. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಯ ಎತ್ತರ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ನೋಡಿದರು. ತುಂಬಾ ಎತ್ತರದ ತಂದೆತಾಯಿಯ ಮಕ್ಕಳೂ ಎತ್ತರವೇ, ಆದರೆ ಅಷ್ಟೊಂದಲ್ಲ. ಸರಾಸರಿಯ ಕಡೆಗೆ ಸ್ವಲ್ಪ ಹಿಂದೆ ಸರಿದಿರುತ್ತಾರೆ. ಆ ಸರಿಯುವಿಕೆಗೆ ಇಟ್ಟ ಹೆಸರು ಆಮೇಲೆ ಆ ಲೆಕ್ಕಕ್ಕೇ ಅಂಟಿಕೊಂಡಿತು. ಈಗ ಒಂದು ಅಳತೆಯಿಂದ ಇನ್ನೊಂದನ್ನು ಅಂದಾಜು ಮಾಡುವ ಸಮೀಕರಣ ಹೊಂದಿಸಿದರೆ ಅದೆಲ್ಲ ರಿಗ್ರೆಷನ್ನೇ. ಯಾವುದೂ ಹಿಂದೆ ಸರಿಯಬೇಕಾಗಿಲ್ಲ.

ಲಾಜಿಸ್ಟಿಕ್ ಅಂದ ಕೂಡಲೇ ನಮಗೆ ಲಾರಿ, ಗೋದಾಮು, ಪಾರ್ಸೆಲ್ ನೆನಪಾಗುತ್ತವೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಲ್ಜಿಯಂನ ಪಿಯೆರ್ ವೆರ್‌ಹುಲ್ಸ್ಟ್ ಜನಸಂಖ್ಯೆ ಬೆಳೆಯುವ ಬಗೆಯನ್ನು ಒಂದು ಸಮೀಕರಣದಲ್ಲಿ ಹಿಡಿದರು. ಮೊದಲು ನಿಧಾನ, ಆಮೇಲೆ ಜೋರು, ಕೊನೆಗೆ ಮಿತಿ ಮುಟ್ಟಿ ಮತ್ತೆ ನಿಧಾನ. ಚಿತ್ರ ಬರೆದರೆ ಇಂಗ್ಲಿಷ್ ಎಸ್ ಅಕ್ಷರವನ್ನು ಎರಡೂ ತುದಿ ಹಿಡಿದು ಎಳೆದ ಹಾಗೆ ಕಾಣುತ್ತದೆ. 1845ರಲ್ಲಿ ಅವರು ಅದಕ್ಕೆ ಲಾಜಿಸ್ಟಿಕ್ ಎಂದು ಹೆಸರಿಟ್ಟರು. ಸುಮಾರು ನೂರು ವರ್ಷ ಆದ ಮೇಲೆ, 1944ರಲ್ಲಿ, ಜೋಸೆಫ್ ಬರ್ಕ್‌ಸನ್ ಇದೇ ಗೆರೆಯನ್ನು ಔಷಧದ ಪ್ರಮಾಣಕ್ಕೂ ಸಾವು ಬದುಕಿಗೂ ಇರುವ ಸಂಬಂಧದ ಲೆಕ್ಕಕ್ಕೆ ತಂದರು. "ಲಾಜಿಟ್" ಎಂಬ ಪದ ಅವರದ್ದು. 1958ರಲ್ಲಿ ಡೇವಿಡ್ ಕಾಕ್ಸ್ ಹೌದು-ಇಲ್ಲ ಎನ್ನುವ ಉತ್ತರಗಳಿಗೆ ರಿಗ್ರೆಷನ್ ಮಾಡುವುದು ಹೇಗೆ ಎಂದು ಬರೆದರು. ಗಮನಿಸಿ, ಬರ್ಕ್‌ಸನ್, ಕಾಕ್ಸ್ ಇಬ್ಬರೂ ಸಂಖ್ಯಾಶಾಸ್ತ್ರದವರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಎಷ್ಟು ಅನ್ನುವುದು ಅವರ ಪ್ರಶ್ನೆ. ವರ್ಗೀಕರಣ ಅನ್ನುವ ಹಣೆಪಟ್ಟಿ ಜೋರಾಗಿ ಅಂಟಿಸಿದವರು ಆಮೇಲೆ ಬಂದ ಕಂಪ್ಯೂಟರ್‌ನವರು, ಅಂದರೆ ನಾವು.

ಇತಿಹಾಸ ಸಾಕು. ಒಂದು ನಿಜವಾದ ಲೆಕ್ಕ ಮಾಡೋಣ.

1986ರ ಜನವರಿ 28. ಚಾಲೆಂಜರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಆಕಾಶದಲ್ಲೇ ಚೂರಾಯಿತು. ಒಳಗಿದ್ದ ಏಳು ಜನರೂ ತೀರಿಕೊಂಡರು. ಕಾರಣ ಒಂದು ರಬ್ಬರ್ ರಿಂಗು. ಪಕ್ಕದ ಬೂಸ್ಟರ್ ರಾಕೆಟ್‌ಗಳನ್ನು ತುಂಡುತುಂಡಾಗಿ ಜೋಡಿಸಿರುತ್ತಾರೆ. ಆ ಜೋಡಣೆಯಲ್ಲಿ ಬಿಸಿ ಅನಿಲ ಸೋರದ ಹಾಗೆ ಓ-ರಿಂಗ್ ಹಾಕಿರುತ್ತಾರೆ. ನಮ್ಮ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಇದೆಯಲ್ಲ, ಕೆಲಸ ಅದೇ. ಗ್ಯಾಸ್ಕೆಟ್ ಗಡುಸಾದರೆ ಏನಾಗುತ್ತದೆ? ಸುತ್ತಲೂ ಆವಿ ಬುಸ್ ಅನ್ನುತ್ತದೆ, ಸೀಟಿ ಹಾಕುವುದಿಲ್ಲ. ಚಳಿಯಲ್ಲಿ ರಬ್ಬರ್ ಗಡುಸಾಗುತ್ತದೆ. ವಿಚಾರಣೆಯ ವೇಳೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎದುರಿಗಿದ್ದ ಐಸ್ ನೀರಿನ ಲೋಟಕ್ಕೆ ಆ ರಬ್ಬರಿನ ಚೂರೊಂದನ್ನು ಅದ್ದಿ ತೋರಿಸಿದ್ದು ನೀವು ಕೇಳಿರಬಹುದು.

ಅದಕ್ಕೂ ಮೊದಲು ಇದೇ ಬಗೆಯ ನೌಕೆಗಳ 24 ಉಡಾವಣೆ ಆಗಿದ್ದವು. ಒಂದರ ಬೂಸ್ಟರ್‌ಗಳು ಸಮುದ್ರದಲ್ಲಿ ಮುಳುಗಿಹೋದವು. ಉಳಿದ 23ರ ಬೂಸ್ಟರ್‌ಗಳನ್ನು ಹಿಂದಕ್ಕೆ ತಂದು, ಬಿಚ್ಚಿ, ರಿಂಗುಗಳನ್ನು ನೋಡಿದ್ದರು. 7 ಉಡಾವಣೆಗಳಲ್ಲಿ ರಿಂಗಿಗೆ ಬಿಸಿ ತಗುಲಿ ಹಾನಿಯಾದ ಗುರುತು ಇತ್ತು. 16ರಲ್ಲಿ ಇರಲಿಲ್ಲ. ಪ್ರತಿ ಉಡಾವಣೆಯ ತಾಪಮಾನವೂ ಬರೆದಿಟ್ಟಿತ್ತು. ಅತಿ ಚಳಿಯದ್ದು 53 ಡಿಗ್ರಿ, ಅತಿ ಬೆಚ್ಚಗಿನದು 81 ಡಿಗ್ರಿ. ಇವು ಫ್ಯಾರನ್‌ಹೀಟ್‌ನಲ್ಲಿ. ನಮ್ಮ ಸೆಲ್ಸಿಯಸ್‌ನಲ್ಲಿ ಸುಮಾರು 12ರಿಂದ 27. ಚಾಲೆಂಜರ್ ಉಡಾವಣೆಯ ಬೆಳಿಗ್ಗೆ ತಾಪಮಾನ 31 ಇರಬಹುದು ಎಂಬ ಅಂದಾಜಿತ್ತು. ಅಂದರೆ ನೀರು ಹೆಪ್ಪುಗಟ್ಟುವ ಚಳಿ.

ಈಗ ನಮ್ಮ ಪ್ರಶ್ನೆ: ತಾಪಮಾನ ಕೊಟ್ಟರೆ, ರಿಂಗಿಗೆ ಹಾನಿ ಆಗುತ್ತದೋ ಇಲ್ಲವೋ ಹೇಳಬಹುದೇ? ಉತ್ತರ ಎರಡೇ. ಹಾನಿ ಆಯಿತು, ಅದಕ್ಕೆ 1. ಆಗಲಿಲ್ಲ, ಅದಕ್ಕೆ 0. ಇಲ್ಲಿ 1 ಮತ್ತು 0 ಅಳತೆಗಳಲ್ಲ, ಹೆಸರುಗಳು. ಹಾನಿಗೆ "ಕೆಂಪು", ಇಲ್ಲದ್ದಕ್ಕೆ "ಹಸಿರು" ಅಂತ ಬರೆದರೂ ನಡೆಯುತ್ತದೆ. ಇದು ವರ್ಗೀಕರಣದ ಪ್ರಶ್ನೆ ಅನ್ನಲು ಇದೇ ಮೊದಲ ಕಾರಣ. ನಾವು ಕೇಳುತ್ತಿರುವುದು ಎಷ್ಟು ಅಂತ ಅಲ್ಲ, ಯಾವ ಗುಂಪು ಅಂತ.

ಮಾಮೂಲಿ ರಿಗ್ರೆಷನ್ನನ್ನೇ ಹಾಕಿ ನೋಡೋಣ, ಏನು ಹೋಗುತ್ತದೆ? 23 ಚುಕ್ಕೆಗಳ ನಡುವೆ ಒಂದು ನೇರ ಗೆರೆ. ನಾನು ಕೂತು ಲೆಕ್ಕ ಮಾಡಿದ್ದೇನೆ. ಗೆರೆ ಸುಮಾರು `2.905 - 0.0374 t` ಎಂದು ಬರುತ್ತದೆ. ಇಲ್ಲಿ t ಅಂದರೆ ತಾಪಮಾನ. ಈಗ 81 ಡಿಗ್ರಿ ಹಾಕಿ. ಉತ್ತರ ಮೈನಸ್ 0.12. ಹಾನಿಯ ಸಾಧ್ಯತೆ ಸೊನ್ನೆಗಿಂತ ಕಡಿಮೆ ಅಂದರೆ ಏನರ್ಥ? 31 ಹಾಕಿ. 1.75 ಬರುತ್ತದೆ. ನೂರಕ್ಕೆ ನೂರಾ ಎಪ್ಪತ್ತೈದು. ಇದನ್ನು ಹಿಡಿದುಕೊಂಡು ಯಾರ ಮುಂದೆಯೂ ಹೋಗುವ ಹಾಗಿಲ್ಲ. ನೇರ ಗೆರೆಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲ. ಸಂಭವನೀಯತೆಗೆ ಕೆಳಗೆ 0, ಮೇಲೆ 1 ಎಂಬ ಎರಡು ಗೋಡೆಗಳಿವೆ.

ಇಲ್ಲೇ ಒಂದು ಜಾಣತನ ಬರುತ್ತದೆ. ನೇರ ಗೆರೆಯನ್ನು ಬಿಡುವುದು ಬೇಡ, ಗೋಡೆಗಳನ್ನು ತೆಗೆದುಬಿಡೋಣ. ಹೇಗೆ? ಸಂಭವನೀಯತೆಯನ್ನು ಬೇರೆ ಮಾಪನದಲ್ಲಿ ಬರೆಯುವುದು. ಕ್ರಿಕೆಟ್ ಮ್ಯಾಚಿನ ದಿನ ಬಾಜಿ ಕಟ್ಟುವವರ ಮಾತು ಕೇಳಿದ್ದೀರಲ್ಲ? ಅವರು ಶೇಕಡಾ ಲೆಕ್ಕ ಹೇಳುವುದಿಲ್ಲ. "ಮೂರಕ್ಕೆ ಒಂದು" ಅನ್ನುತ್ತಾರೆ. ಅದು ಆಡ್ಸ್. ಆಗುವ ಸಾಧ್ಯತೆಯನ್ನು ಆಗದಿರುವ ಸಾಧ್ಯತೆಯಿಂದ ಭಾಗಿಸಿದರೆ ಸಿಗುವುದು. 0.75 ಆದರೆ, 0.75 ಭಾಗಿಸು 0.25, ಮೂರು. ಆಡ್ಸ್‌ಗೆ ಮೇಲಿನ ಗೋಡೆ ಇಲ್ಲ, ಸಾವಿರಕ್ಕೂ ಹೋಗಬಹುದು, ಲಕ್ಷಕ್ಕೂ ಹೋಗಬಹುದು. ಆದರೆ ಕೆಳಗಿನ ಸೊನ್ನೆ ಹಾಗೇ ಇದೆ. ಅದರ ಲಾಗರಿದಮ್ ತೆಗೆದುಕೊಂಡರೆ ಆ ಗೋಡೆಯೂ ಹೋಗುತ್ತದೆ. ಲಾಗ್ ಆಡ್ಸ್ ಮೈನಸ್ ಕಡೆಗೂ ಪ್ಲಸ್ ಕಡೆಗೂ ಎಷ್ಟು ದೂರ ಬೇಕಾದರೂ ಹೋಗಬಹುದು. ಸರಿಯಾಗಿ ಅರ್ಧಕ್ಕರ್ಧ ಸಾಧ್ಯತೆ ಇದ್ದಾಗ ಅದು ಸೊನ್ನೆ. ಬರ್ಕ್‌ಸನ್ ಲಾಜಿಟ್ ಅಂದದ್ದು ಇದನ್ನೇ.

ಈಗ ಈ ಲಾಗ್ ಆಡ್ಸ್‌ಗೆ ನೇರ ಗೆರೆ ಹೊಂದಿಸಿ. ಅಷ್ಟೇ. ಲಾಜಿಸ್ಟಿಕ್ ರಿಗ್ರೆಷನ್ ಅಂದರೆ ಅಷ್ಟೇ. ನಮ್ಮ 23 ಉಡಾವಣೆಗಳಿಗೆ ಬರುವ ಸಮೀಕರಣ ಇದು:

```
log(p/(1-p)) = 15.043 - 0.2322 t
```

p ಅಂದರೆ ಹಾನಿಯ ಸಂಭವನೀಯತೆ. ಎಡಗಡೆ ಲಾಗ್ ಆಡ್ಸ್, ಬಲಗಡೆ ಪಕ್ಕಾ ರಿಗ್ರೆಷನ್ ಗೆರೆ. ಹೆಸರಲ್ಲಿರುವ ರಿಗ್ರೆಷನ್ ಇಲ್ಲಿದೆ. ಆ ಹುಡುಗ ಹೇಳಿದ ಹಾಗೆ ಸುಮ್ನೆ ಇಟ್ಟಿದ್ದಲ್ಲ.

ಇದನ್ನು ಸ್ವಲ್ಪ ಕೈಯಲ್ಲಿ ಹಿಡಿದು ಆಡಿಸೋಣ. 60 ಡಿಗ್ರಿ ಹಾಕಿ. ಲಾಗ್ ಆಡ್ಸ್ 1.11, ಆಡ್ಸ್ ಸುಮಾರು 3, ಸಂಭವನೀಯತೆ 0.75. ಬಾಜಿಯವರ "ಮೂರಕ್ಕೆ ಒಂದು". ಈಗ ಹತ್ತು ಡಿಗ್ರಿ ಬೆಚ್ಚಗೆ ಮಾಡಿ, 70 ಹಾಕಿ. ಆಡ್ಸ್ ಸುಮಾರು 0.3ಕ್ಕೆ ಇಳಿಯಿತು, ಹತ್ತರಲ್ಲಿ ಒಂದು ಪಾಲು. ಸಂಭವನೀಯತೆ 0.23. ಇನ್ನೂ ಹತ್ತು ಡಿಗ್ರಿ, 80. ಆಡ್ಸ್ ಮತ್ತೆ ಹತ್ತರಲ್ಲಿ ಒಂದು ಪಾಲು, 0.03. ಸಂಭವನೀಯತೆಯೂ 0.03ರ ಹತ್ತಿರ. ಏನು ನಡೆಯಿತು ನೋಡಿದಿರಾ? ಆಡ್ಸ್ ಎರಡೂ ಸಲ ಒಂದೇ ಪ್ರಮಾಣದಲ್ಲಿ ಇಳಿಯಿತು. ಸಂಭವನೀಯತೆ ಮಾತ್ರ ಮೊದಲ ಸಲ 0.75ರಿಂದ 0.23ಕ್ಕೆ ಧೊಪ್ಪನೆ ಬಿತ್ತು, ಎರಡನೇ ಸಲ 0.23ರಿಂದ 0.03ಕ್ಕೆ ಮೆಲ್ಲಗೆ ಇಳಿಯಿತು. ಒಳಗೆ ನೇರ ಗೆರೆ, ಹೊರಗೆ ವೆರ್‌ಹುಲ್ಸ್ಟ್ ಅವರ ಬಳುಕುವ ಗೆರೆ. ಎಷ್ಟೇ ಇಳಿದರೂ ಸೊನ್ನೆ ದಾಟುವುದಿಲ್ಲ.

ಹಾಗಾದರೆ 15.043 ಮತ್ತು 0.2322 ಎಲ್ಲಿಂದ ಬಂದವು? ಮಾಮೂಲಿ ರಿಗ್ರೆಷನ್ನಿನಲ್ಲಿ ಚುಕ್ಕೆಗೂ ಗೆರೆಗೂ ಇರುವ ಪ್ರತಿ ಅಂತರವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನೆಲ್ಲ ಕೂಡಿಸಿ, ಆ ಮೊತ್ತ ಕಡಿಮೆ ಆಗುವ ಗೆರೆಯನ್ನು ಹುಡುಕುತ್ತೇವೆ. ಇಲ್ಲಿ ಹಾಗೆ ಮಾಡಲು ಆಗುವುದಿಲ್ಲ. ಯಾಕೆಂದರೆ ನಮ್ಮ ಚುಕ್ಕೆಗಳು 0 ಮತ್ತು 1. ಅವುಗಳ ಲಾಗ್ ಆಡ್ಸ್ ಅನಂತ. ಅದಕ್ಕೆ ಬೇರೆ ದಾರಿ. ಒಂದು ಸಮೀಕರಣ ಹಿಡಿದು ಪ್ರತಿ ಉಡಾವಣೆಯನ್ನೂ ಕೇಳುವುದು: ನಿನಗೆ ನಿಜವಾಗಿ ಏನಾಯಿತೋ ಅದಕ್ಕೆ ಈ ಸಮೀಕರಣ ಎಷ್ಟು ಸಾಧ್ಯತೆ ಕೊಟ್ಟಿತ್ತು? 53 ಡಿಗ್ರಿಯ ಉಡಾವಣೆಯಲ್ಲಿ ಹಾನಿ ಆಗಿತ್ತು, ಸಮೀಕರಣ ಅದಕ್ಕೆ 0.94 ಕೊಟ್ಟಿತ್ತು. ಶಭಾಷ್. 75 ಡಿಗ್ರಿಯಲ್ಲಿ ಎರಡು ಉಡಾವಣೆ ಇವೆ. ಒಂದರಲ್ಲಿ ಹಾನಿ, ಒಂದರಲ್ಲಿ ಇಲ್ಲ. ಹಾನಿಯಾಗದ್ದಕ್ಕೆ ಕೊಟ್ಟದ್ದು 0.91, ಹಾನಿಯಾದದ್ದಕ್ಕೆ ಬರೀ 0.09. ಹೀಗೆ 23 ಸಂಖ್ಯೆಗಳನ್ನೂ ಗುಣಿಸಿ, ಆ ಗುಣಲಬ್ಧ ಎಲ್ಲಿ ಅತಿ ಹೆಚ್ಚಾಗುತ್ತದೋ ಆ ಸಮೀಕರಣವನ್ನು ಆರಿಸುತ್ತೇವೆ.

ಇದು ವರ್ಗೀಕರಣ ಎನ್ನಲು ಎರಡನೇ ಕಾರಣ. ಇದಕ್ಕೆ ಪಾಠ ಹೇಳಿಕೊಡುವುದೇ ವರ್ಗದ ಹೆಸರುಗಳು. ಪ್ರತಿ ಉಡಾವಣೆಯ ನಿಜವಾದ ಹಣೆಪಟ್ಟಿಗೆ ಎಷ್ಟು ಸಾಧ್ಯತೆ ಸಿಕ್ಕಿತು ಅನ್ನುವುದರ ಮೇಲೇ ಪರೀಕ್ಷೆ ನಡೆಯುತ್ತದೆ.

ಆ 75 ಡಿಗ್ರಿಯ ಜೋಡಿಯನ್ನು ಮರೆಯಬೇಡಿ. 70 ಡಿಗ್ರಿಯಲ್ಲಿ ಇನ್ನೂ ಚೆಂದ. ಅಲ್ಲಿ ನಾಲ್ಕು ಉಡಾವಣೆ. ಎರಡರಲ್ಲಿ ಹಾನಿ, ಎರಡರಲ್ಲಿ ಇಲ್ಲ. ತಾಪಮಾನವೊಂದನ್ನೇ ನೋಡಿ ಈ ನಾಲ್ಕನ್ನೂ ಸರಿಯಾಗಿ ವಿಂಗಡಿಸುವ ವಿಧಾನ ಜಗತ್ತಿನಲ್ಲೇ ಇಲ್ಲ. ಅದಕ್ಕೇ ಈ ವಿಧಾನ ಮೊದಲು ಹೌದು-ಇಲ್ಲ ಅನ್ನದೆ ಒಂದು ಸಂಖ್ಯೆ ಹೇಳುತ್ತದೆ.

ಹಾಗಾದರೆ ಹೌದು-ಇಲ್ಲ ಎಲ್ಲಿ ಬರುತ್ತದೆ? ನಮ್ಮ ಕಾಲದ ಎಸ್ಸೆಸ್ಸೆಲ್ಸಿ ನೆನಪಿಸಿಕೊಳ್ಳಿ. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರು ಅಂಕ ಹಾಕುತ್ತಾರೆ. 34, 35, 78. ಪಾಸು ಫೇಲು ಅವರು ಬರೆಯುವುದಿಲ್ಲ. ಆಗ 35ಕ್ಕೆ ಪಾಸು ಅನ್ನುವ ಗೆರೆ ಬೋರ್ಡಿನದಾಗಿತ್ತು. ಬೋರ್ಡು ಆ ಗೆರೆಯನ್ನು 33ಕ್ಕೆ ಇಳಿಸಿದರೆ ಒಂದು ಉತ್ತರಪತ್ರಿಕೆಯನ್ನೂ ಮತ್ತೆ ತಿದ್ದಬೇಕಾಗಿಲ್ಲ. ಅಂಕ ಹಾಗೇ ಇರುತ್ತದೆ, ಪಾಸಾದವರ ಪಟ್ಟಿ ಬದಲಾಗುತ್ತದೆ. ಲಾಜಿಸ್ಟಿಕ್ ರಿಗ್ರೆಷನ್ನಿನಲ್ಲಿ ರಿಗ್ರೆಷನ್ ಭಾಗ ಮೇಷ್ಟ್ರ ಕೆಲಸ. ವರ್ಗೀಕರಣ ಆಗುವುದು ಗೆರೆ ಎಳೆದಾಗ. ತೊಂದರೆ ಏನೆಂದರೆ, ನಮ್ಮ ಸಾಫ್ಟ್‌ವೇರ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಕೊಡುತ್ತದೆ. ಗೆರೆ ಎಳೆದದ್ದು ಯಾರು ಅಂತ ಕೇಳುವುದನ್ನೇ ನಾವು ಮರೆತುಬಿಡುತ್ತೇವೆ.

ಪೈಥಾನ್ ಬಳಸುವವರು ಮನೆಗೆ ಹೋಗಿ ಇದನ್ನು ಓಡಿಸಿ ನೋಡಿ. 23 ಉಡಾವಣೆಗಳೂ ಇದರಲ್ಲಿವೆ:

```python
from sklearn.linear_model import LogisticRegression

t = [66,70,69,68,67,72,73,70,57,63,70,78,
     67,53,67,75,70,81,76,79,75,76,58]
y = [0,1,0,0,0,0,0,0,1,1,1,0,
     0,1,0,0,0,0,0,0,1,0,1]

m = LogisticRegression().fit([[a] for a in t], y)
print(m.predict([[53], [75]]))
print(m.predict_proba([[53], [75]]))
```

`predict` ಕೇಳಿದರೆ 1 ಮತ್ತು 0 ಅನ್ನುತ್ತದೆ. `predict_proba` ಕೇಳಿದರೆ ಹಾನಿಯ ಕಡೆಗೆ ಸುಮಾರು 0.94 ಮತ್ತು 0.09 ಅನ್ನುತ್ತದೆ. ಎರಡನೆಯದು ಮೇಷ್ಟ್ರು, ಮೊದಲನೆಯದು ಬೋರ್ಡು. ಇಲ್ಲಿ `predict` ತನ್ನ ಪಾಡಿಗೆ 0.5ರಲ್ಲಿ ಗೆರೆ ಎಳೆದಿದೆ. ನಮ್ಮನ್ನು ಕೇಳಲಿಲ್ಲ. ಆರ್ ಭಾಷೆಯ `glm` ಹೀಗೆ ಮಾಡುವುದಿಲ್ಲ. ಅದು ಲಾಗ್ ಆಡ್ಸ್ ಅಥವಾ ಸಂಭವನೀಯತೆ ಕೊಟ್ಟು ಸುಮ್ಮನಾಗುತ್ತದೆ, ವರ್ಗ ನೀವೇ ಮಾಡಿಕೊಳ್ಳಬೇಕು. ಸಂಖ್ಯಾಶಾಸ್ತ್ರದವರು ಇದನ್ನು ರಿಗ್ರೆಷನ್ ಅನ್ನುವುದಕ್ಕೂ, ಕಂಪ್ಯೂಟರ್‌ನವರು ವರ್ಗೀಕರಣ ಅನ್ನುವುದಕ್ಕೂ ಈ ಎರಡು ಉಪಕರಣಗಳ ನಡವಳಿಕೆಯೇ ಒಳ್ಳೆಯ ಸಾಕ್ಷಿ. ಇಬ್ಬರೂ ಓಡಿಸುತ್ತಿರುವ ಸಮೀಕರಣ ಒಂದೇ.

ಈಗ ಗೆರೆಯನ್ನು ಸ್ವಲ್ಪ ಆ ಕಡೆ ಈ ಕಡೆ ಸರಿಸೋಣ. 0.5 ಅಂದರೆ ಲಾಗ್ ಆಡ್ಸ್ ಸೊನ್ನೆ. ನಮ್ಮ ಸಮೀಕರಣದಲ್ಲಿ ಅದು ಬರುವುದು ಸುಮಾರು 64.8 ಡಿಗ್ರಿಯಲ್ಲಿ. ಅದಕ್ಕಿಂತ ಚಳಿ ಇದ್ದರೆ "ಹಾನಿ", ಬೆಚ್ಚಗಿದ್ದರೆ "ಇಲ್ಲ". ಹಾಗೆ ವಿಂಗಡಿಸಿದರೆ 53, 57, 58, 63 ಈ ನಾಲ್ಕು ಹಾನಿಯ ಕಡೆ ಬೀಳುತ್ತವೆ. ನಾಲ್ಕರಲ್ಲೂ ನಿಜಕ್ಕೂ ಹಾನಿ ಆಗಿತ್ತು. ಒಂದೂ ಸುಳ್ಳು ಎಚ್ಚರಿಕೆ ಇಲ್ಲ. ಆದರೆ 70ರ ಎರಡು, 75ರ ಒಂದು, ಹೀಗೆ ಮೂರು ಹಾನಿಗಳು ತಪ್ಪಿಹೋದವು. 23ರಲ್ಲಿ 20 ಸರಿ. ನೂರಕ್ಕೆ 87.

ಈಗ ಗೆರೆಯನ್ನು 0.2ಕ್ಕೆ ಇಳಿಸಿ. ಐದರಲ್ಲಿ ಒಂದು ಪಾಲು ಅಪಾಯ ಇದ್ದರೂ ಎಚ್ಚರಿಸು ಅಂತ. ತಾಪಮಾನದ ಗೆರೆ 70.8ರ ಹತ್ತಿರಕ್ಕೆ ಹೋಗುತ್ತದೆ. ಈಗ 14 ಉಡಾವಣೆಗಳು "ಹಾನಿ" ಕಡೆ ಬಂದವು. ಏಳು ನಿಜವಾದ ಹಾನಿಗಳಲ್ಲಿ ಆರು ಸಿಕ್ಕವು, ಒಂದೇ ತಪ್ಪಿತು. ಆದರೆ ಎಂಟು ಸುಳ್ಳು ಎಚ್ಚರಿಕೆ. ಒಟ್ಟು ಸರಿಯಾದದ್ದು 23ರಲ್ಲಿ 14, ನೂರಕ್ಕೆ 61.

ಒಂದು ತಮಾಷೆ ನೋಡಿ. ತಾಪಮಾನ ನೋಡದೆ, ಏನೂ ನೋಡದೆ, ಎಲ್ಲದಕ್ಕೂ "ಹಾನಿ ಇಲ್ಲ" ಅನ್ನುವ ಒಬ್ಬ ಸೋಮಾರಿ ಇದ್ದಾನೆ ಅಂದುಕೊಳ್ಳಿ. ಅವನು 23ರಲ್ಲಿ 16 ಸರಿ ಹೇಳುತ್ತಾನೆ. ನೂರಕ್ಕೆ 70! ನಮ್ಮ 0.2ರ ಗೆರೆಗಿಂತ ಜಾಸ್ತಿ ಅಂಕ. ಆದರೆ ನೌಕೆಯೊಳಗೆ ಕೂರುವವರು ನೀವಾದರೆ ಯಾರ ಮಾತು ಕೇಳುತ್ತೀರಿ? ಸುಳ್ಳು ಎಚ್ಚರಿಕೆಗೆ ಬೆಲೆ ಒಂದು ದಿನ ಕಾಯುವುದು. ತಪ್ಪಿಹೋದ ಎಚ್ಚರಿಕೆಗೆ ಬೆಲೆ ಬೇರೆ. ಗೆರೆ ಎಲ್ಲಿರಬೇಕು ಅನ್ನುವುದು ಈ ಎರಡು ಬೆಲೆಗಳ ಲೆಕ್ಕ. ಆ ಬೆಲೆಗಳು 23 ಸಾಲುಗಳ ಮಾಹಿತಿಯಲ್ಲಿ ಎಲ್ಲೂ ಇಲ್ಲ. ಸಮೀಕರಣಕ್ಕೆ ಅವು ಗೊತ್ತಾಗುವುದು ಸಾಧ್ಯವೂ ಇಲ್ಲ. ಲಾಜಿಸ್ಟಿಕ್ ರಿಗ್ರೆಷನ್ನನ್ನು ಬರೀ ವರ್ಗೀಕರಣ ಅಂತ ಕಲಿತವರು 0.5 ಅನ್ನುವುದನ್ನು ಪ್ರಕೃತಿ ನಿಯಮದ ಹಾಗೆ ನೋಡುವುದು ಇದರಿಂದಲೇ. ಹೆಸರಿನಲ್ಲಿರುವ ರಿಗ್ರೆಷನ್ನನ್ನು ಅವರು ಮರೆತಿರುತ್ತಾರೆ.

ಇಲ್ಲಿ ಮಧ್ಯದಲ್ಲಿ ಒಬ್ಬರು ಕೇಳಿದರು, ಹಾಗಾದರೆ ಇದನ್ನು ರಿಗ್ರೆಷನ್ ಅಂತಲೇ ಕರೆದು ಸುಮ್ಮನಾಗಬಹುದಲ್ಲ ಅಂತ. ಆಗುವುದಿಲ್ಲ. ಯಾಕೆ ಅಂತ ಆ ಜನವರಿಯ ರಾತ್ರಿಯೇ ಹೇಳುತ್ತದೆ.

ಉಡಾವಣೆಯ ಹಿಂದಿನ ರಾತ್ರಿ, ಜನವರಿ 27ರಂದು, ಬೂಸ್ಟರ್ ತಯಾರಿಸುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್‌ಗಳು ಮತ್ತು ನಾಸಾದವರು ಫೋನಿನಲ್ಲಿ ದೀರ್ಘ ಸಭೆ ನಡೆಸಿದರು. ರೋಜರ್ ಬೋಯ್ಸ್‌ಜೋಲಿ ಮೊದಲಾದವರು ಇಷ್ಟು ಚಳಿಯಲ್ಲಿ ಹಾರಿಸಬೇಡಿ ಅಂದರು. ಚಳಿಗೂ ಹಾನಿಗೂ ಸಂಬಂಧ ಇದೆಯೇ ಎಂಬ ಚರ್ಚೆಯಲ್ಲಿ ಎದುರಿಗಿದ್ದದ್ದು ಹಾನಿಯಾದ ಉಡಾವಣೆಗಳ ಮಾಹಿತಿ ಮಾತ್ರ. ಆ ಏಳನ್ನಷ್ಟೇ ನೋಡಿ: 53, 57, 58, 63, 70, 70, 75. ಚಳಿಯಲ್ಲೂ ಹಾನಿ, ಬೆಚ್ಚಗಿದ್ದಾಗಲೂ ಹಾನಿ. ಸಂಬಂಧ ಏನೂ ಕಾಣುವುದಿಲ್ಲ. ಆಮೇಲೆ ವಿಚಾರಣಾ ಆಯೋಗ ಹಾನಿಯಾಗದ 16 ಉಡಾವಣೆಗಳನ್ನೂ ಅದೇ ಚಿತ್ರದಲ್ಲಿ ಹಾಕಿತು. ಆಗ ಕಣ್ಣಿಗೆ ರಾಚಿತು. 65 ಡಿಗ್ರಿಗಿಂತ ಕೆಳಗಿನ ನಾಲ್ಕರಲ್ಲಿ ನಾಲ್ಕೂ ಹಾನಿ. ಅದಕ್ಕಿಂತ ಮೇಲಿನ 19ರಲ್ಲಿ ಬರೀ ಮೂರು.

ಮಾಮೂಲಿ ರಿಗ್ರೆಷನ್ ಮನಸ್ಸಿನವರು ಕೇಳುವುದು "ಹಾನಿ ಎಷ್ಟಾಯಿತು, ತಾಪಮಾನದ ಜೊತೆ ಅದು ಹೇಗೆ ಬದಲಾಯಿತು" ಎಂದು. ಆ ಪ್ರಶ್ನೆಗೆ ಹಾನಿಯೇ ಆಗದ ಉಡಾವಣೆಗಳು ಬೇಡ ಅನ್ನಿಸುವುದು ಸಹಜ. ಅಲ್ಲಿ ಅಳೆಯಲು ಏನೂ ಇಲ್ಲವಲ್ಲ. ವರ್ಗೀಕರಣದ ಮನಸ್ಸಿನವರು ಕೇಳುವುದು "ಯಾವುದು ಹಾನಿಯಾದದ್ದು, ಯಾವುದು ಆಗದ್ದು, ಎರಡಕ್ಕೂ ವ್ಯತ್ಯಾಸ ಏನು" ಎಂದು. ಅವರಿಗೆ ಎರಡು ಗುಂಪೂ ಬೇಕೇ ಬೇಕು. ಮೇಲಿನ ಕೋಡಿನಲ್ಲಿ 0 ಇರುವ ಸಾಲುಗಳನ್ನೆಲ್ಲ ತೆಗೆದು ಓಡಿಸಿ ನೋಡಿ. ಎರಡು ವರ್ಗಗಳಾದರೂ ಬೇಕು ಅಂತ ಜಗಳ ತೆಗೆದು ನಿಂತುಬಿಡುತ್ತದೆ. ಆ ರಾತ್ರಿ ಹಾಗೆ ಜಗಳ ತೆಗೆಯುವ ಯಂತ್ರ ಒಂದು ಆ ಕೋಣೆಯಲ್ಲಿ ಇರಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಇದು ಬರೀ ವರ್ಗೀಕರಣದಲ್ಲಿ ಮಾತ್ರ ಬರುವ ಕಾಯಿಲೆ. 70ರ ಎರಡು ಮತ್ತು 75ರ ಒಂದು, ಆ ಮೂರು ಉಡಾವಣೆಗಳಲ್ಲಿ ಹಾನಿ ಆಗಿರಲಿಲ್ಲ ಅಂದುಕೊಳ್ಳಿ. ಆಗ 63 ಮತ್ತು ಅದಕ್ಕಿಂತ ಕೆಳಗೆ ಎಲ್ಲವೂ 1, 66 ಮತ್ತು ಅದಕ್ಕಿಂತ ಮೇಲೆ ಎಲ್ಲವೂ 0. ಚೆನ್ನಾಗಿ ಕತ್ತರಿಸಿದ ಹಾಗೆ ಎರಡು ಗುಂಪು. ಲೆಕ್ಕ ಸುಲಭ ಆಯಿತು ಅನ್ನಿಸುತ್ತದೆ ಅಲ್ವಾ? ಉಲ್ಟಾ. ಗುಣಲಬ್ಧ ಹೆಚ್ಚಾಗಲಿ ಅಂತ ಸಮೀಕರಣ ತನ್ನ ಗೆರೆಯನ್ನು ಕಡಿದಾಗಿಸುತ್ತಾ ಹೋಗುತ್ತದೆ. 0.2322 ಇದ್ದದ್ದು 2 ಆಗುತ್ತದೆ, 20 ಆಗುತ್ತದೆ, 200 ಆಗುತ್ತದೆ. ಎಷ್ಟು ಕಡಿದಾದರೂ ಇನ್ನೂ ಸ್ವಲ್ಪ ಲಾಭ ಇದ್ದೇ ಇರುತ್ತದೆ. ಕೊನೆಯೇ ಇಲ್ಲ. ಗುರುತಿಸುವುದು ಸುಲಭ: ಗುಣಾಂಕ ವಿಪರೀತ ದೊಡ್ಡದು, ಅದರ ಪಕ್ಕದಲ್ಲಿರುವ ದೋಷದ ಅಂದಾಜು ಅದಕ್ಕಿಂತ ದೊಡ್ಡದು, ಸಂಭವನೀಯತೆಗಳೆಲ್ಲ ಬರೀ 0 ಅಥವಾ 1. ಆರ್‌ನಲ್ಲಿ ಎಚ್ಚರಿಕೆಯ ಸಾಲೊಂದು ಬರುತ್ತದೆ. ಮೇಲಿನ ಪೈಥಾನ್ ಕೋಡಿನಲ್ಲಿ ಬರುವುದಿಲ್ಲ. ಅದು ಗುಣಾಂಕ ಬೆಳೆಯದ ಹಾಗೆ ಮೊದಲೇ ಒಂದು ಕಡಿವಾಣ ಹಾಕಿರುತ್ತದೆ. ಅದರಿಂದ ಕಾಯಿಲೆ ಕಾಣುವುದಿಲ್ಲ, ಅಷ್ಟೇ. ನಮ್ಮ ಲೆಕ್ಕಕ್ಕೆ ಒಂದು ಅರ್ಥವುಳ್ಳ ಉತ್ತರ ಸಿಕ್ಕಿದ್ದು, ವಿಂಗಡಣೆಗೆ ತೊಡಕಾಗಿದ್ದ ಆ ಮೂರು ಉಡಾವಣೆಗಳ ಪುಣ್ಯದಿಂದ.

ಕೊನೆಗೆ ನೀವೆಲ್ಲ ಕಾಯುತ್ತಿರುವ ಸಂಖ್ಯೆ. 31 ಡಿಗ್ರಿ ಹಾಕಿ. ಲಾಗ್ ಆಡ್ಸ್ 7.84, ಸಂಭವನೀಯತೆ 0.9996. ಆ ನಾಲ್ಕು ಅಂಕಿಗಳನ್ನು ದಯವಿಟ್ಟು ನಂಬಬೇಡಿ. ನಮ್ಮ ಮಾಹಿತಿ 53ಕ್ಕೆ ಮುಗಿಯುತ್ತದೆ. 53ರಿಂದ 31ರವರೆಗೆ ಗೆರೆ ನೇರವಾಗಿಯೇ ಹೋಗುತ್ತದೆ ಅನ್ನುವುದು ನಮ್ಮ ಊಹೆ. ಅದೂ 23 ಉಡಾವಣೆಗಳ ಮೇಲೆ ಕಟ್ಟಿದ್ದು. ಆದರೆ ಒಂದು ಮಾತು. ಗೆರೆಯನ್ನು 0.2ರಲ್ಲಿ ಎಳೆಯಿರಿ, 0.5ರಲ್ಲಿ ಎಳೆಯಿರಿ, 0.9ರಲ್ಲಿ ಎಳೆಯಿರಿ. 0.9ರ ಗೆರೆ ಬೀಳುವುದು 55 ಡಿಗ್ರಿಯ ಹತ್ತಿರ. 31 ಎಲ್ಲದಕ್ಕೂ ಕೆಳಗೇ ಇದೆ.

ಆದರೆ ನಮ್ಮ ಹಣೆಪಟ್ಟಿ ಏನಿತ್ತು? "ರಿಂಗಿಗೆ ಹಾನಿ". "ನೌಕೆ ಸಿಡಿಯಿತು" ಅಂತ ಅಲ್ಲ. ಆ ಏಳು ಉಡಾವಣೆಗಳಲ್ಲೂ ರಿಂಗಿಗೆ ಹಾನಿಯಾಗಿತ್ತು, ಆದರೂ ಎಲ್ಲರೂ ಕ್ಷೇಮವಾಗಿ ಮನೆಗೆ ಹೋಗಿದ್ದರು. 1989ರಲ್ಲಿ ಮೂವರು ಸಂಖ್ಯಾಶಾಸ್ತ್ರಜ್ಞರು, ದಲಾಲ್, ಫೌಲ್ಕ್ಸ್ ಮತ್ತು ಹೋಡ್ಲಿ, ಇದೇ ಮಾಹಿತಿಯಿಂದ ಒಂದು ಹೆಜ್ಜೆ ಮುಂದೆ ಹೋದರು. ರಿಂಗಿನ ಹಾನಿ ಬೆಳೆದು ಜೋಡಣೆಯೇ ಕೈಕೊಡುವ ಮಟ್ಟಕ್ಕೆ ಹೋಗುವ ಸಂಭವನೀಯತೆ ಎಷ್ಟು ಎಂದು ಲೆಕ್ಕ ಹಾಕಿದರು. 31 ಡಿಗ್ರಿಯಲ್ಲಿ ಕನಿಷ್ಠ ನೂರಕ್ಕೆ 13 ಎಂದು ಬಂತು. 60 ಡಿಗ್ರಿ ಆಗುವವರೆಗೆ ಕಾದಿದ್ದರೆ ಅದೇ ಲೆಕ್ಕ 2ಕ್ಕೆ ಇಳಿಯುತ್ತಿತ್ತು.

ಆ 13ನ್ನು ತೆಗೆದುಕೊಂಡು ಹೋಗಿ `predict` ಬಳಸುವ 0.5ರ ಗೆರೆಗೆ ಹಿಡಿಯಿರಿ. ಅದು ಹೇಳುವ ವರ್ಗ: 0. ಅಪಾಯ ಇಲ್ಲ, ಹಾರಿಸಬಹುದು.